‘ಹುಷಾರಿಲ್ಲ, ಇವತ್ತು ಬರೋಕೆ ಆಗ್ತಿಲ್ಲ’: ಟೀಮ್ ಲೀಡ್‌ಗೆ ಬೆಳಗ್ಗೆ ಹಾಕೋ ಮೆಸೇಜ್

ಸ್ಕೂಲಲ್ಲಿ ನಾವೆಲ್ಲ ರಜಾ ಅರ್ಜಿ ಬರೆಯೋದು ಕಲಿತಿದ್ದೀವಿ. ಇಂದ, ಗೆ, ಮಾನ್ಯರೇ, ವಿಷಯ: ಎರಡು ದಿನ ರಜೆ ಕೋರಿ. ಇಂಗ್ಲಿಷ್ ಮೀಡಿಯಂನವರಿಗೆ ಅದೇ ಇಂಗ್ಲಿಷಲ್ಲಿ, ‘ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್’ ಅಂತ. ಅದಕ್ಕೆ ಐದು ಮಾರ್ಕ್ಸ್ ಕೂಡ ಇತ್ತು. ಆದ್ರೆ ಇಂಟರ್ನ್‌ಶಿಪ್‌ಗೆ ಹೋದ ಮೇಲೆ ಆ ಅರ್ಜಿ ಎಲ್ಲೂ ಬಳಕೆಗೆ ಬರಲ್ಲ. ಅಲ್ಲಿ ಬೆಳಗ್ಗೆ ಆರೂವರೆಗೆ ಜ್ವರದಲ್ಲಿ ಎದ್ದು, ಒಂದು ಕಣ್ಣು ತೆರೆದುಕೊಂಡು ಸ್ಲ್ಯಾಕ್‌ನಲ್ಲೋ ಟೀಮ್ಸ್‌ನಲ್ಲೋ ಐದಾರು ಸಾಲು ಟೈಪ್ ಮಾಡಬೇಕು. ಇದನ್ನ ಮಾತ್ರ ಯಾರೂ ಹೇಳಿಕೊಟ್ಟಿರಲ್ಲ.

ನಮ್ಮ ಅಕ್ಕ ಬೆಂಗಳೂರಲ್ಲಿ ಒಂದು ಸಾಫ್ಟ್‌ವೇರ್ ಟೀಮ್‌ಗೆ ಲೀಡ್. ಇಂಥ ಮೆಸೇಜ್ ಬರೋದು ಅವಳ ಫೋನಿಗೆ. ಈ ಲೇಖನದಲ್ಲಿರೋ ಬಹಳಷ್ಟು ವಿಷಯ ಅವಳಿಂದ ಕೇಳಿದ್ದು, ಅಂದ್ರೆ ಮೆಸೇಜ್ ಓದೋರ ಕಡೆಯಿಂದ.

ಮೊದಲು ಲೀಡ್ ಆ ಮೆಸೇಜ್ ಇಟ್ಕೊಂಡು ಏನು ಮಾಡ್ತಾರೆ ಅಂತ ನೋಡೋಣ. ಹೆಚ್ಚಿನ ಟೀಮ್‌ಗಳಲ್ಲಿ ಬೆಳಗ್ಗೆ ಸ್ಟ್ಯಾಂಡ್‌ಅಪ್ ಅಂತ ಹದಿನೈದು ನಿಮಿಷದ ಮೀಟಿಂಗ್ ಇರುತ್ತೆ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀಯ, ಎಲ್ಲಿ ಸಿಕ್ಕಿಹಾಕ್ಕೊಂಡಿದ್ದೀಯ, ಇಷ್ಟೇ. ಒಬ್ಬರು ಬರಲ್ಲ ಅಂತ ಮೊದಲೇ ಗೊತ್ತಿದ್ರೆ ಲೀಡ್ ಆ ಮೀಟಿಂಗ್‌ನಲ್ಲೇ ಕೆಲಸ ಹಂಚಿಬಿಡಬಹುದು, ಡೆಮೋ ಇದ್ರೆ ಮುಂದಕ್ಕೆ ಹಾಕಬಹುದು. ಮೀಟಿಂಗ್ ಮುಗಿದ ಹತ್ತು ನಿಮಿಷಕ್ಕೆ ಗೊತ್ತಾದ್ರೆ ಮತ್ತೆ ಎಲ್ಲರನ್ನೂ ಹಿಡೀಬೇಕು. ಹಾಗಾಗಿ ಗಡುವು ಆಫೀಸ್ ಟೈಮ್ ಅಲ್ಲ, ಸ್ಟ್ಯಾಂಡ್‌ಅಪ್ ಟೈಮ್. ಅದಕ್ಕಿಂತ ಒಂದು ಗಂಟೆಯಾದ್ರೂ ಮೊದಲು ಮೆಸೇಜ್ ಹೋಗಿರಬೇಕು.

‘ಅಷ್ಟು ಬೇಗ ಮೆಸೇಜ್ ಹಾಕಿದ್ರೆ ಡಿಸ್ಟರ್ಬ್ ಆಗುತ್ತೆ’ ಅಂತ ಸುಮಾರು ಜನ ಒಂಬತ್ತೂಮುಕ್ಕಾಲರ ತನಕ ಕಾಯ್ತಾರಂತೆ. ಆರೂವರೆಗೆ ಕಾಲ್ ಮಾಡಿದ್ರೆ ಡಿಸ್ಟರ್ಬ್. ಮೆಸೇಜ್ ಅಲ್ಲ, ಅದನ್ನ ಅವರು ಎದ್ದಾಗ ನೋಡ್ಕೋತಾರೆ. ಇನ್ನು ಬೆಳಗಿನ ಜಾವ ನಾಲ್ಕು ಗಂಟೆಗೆ ವಾಂತಿ ಶುರುವಾಗಿದೆ ಅಂತ ಇಟ್ಕೊಳ್ಳಿ. ಆಗ ಸ್ಲ್ಯಾಕ್, ಟೀಮ್ಸ್ ಎರಡರಲ್ಲೂ ಇರೋ ಶೆಡ್ಯೂಲ್ ಮಾಡೋ ಸೌಲಭ್ಯ ಬಳಸಿ, ಏಳೂವರೆಗೆ ಹೋಗೋ ಹಾಗೆ ಬರೆದಿಟ್ಟು ಮಲಗಬಹುದು. ನಿದ್ದೆ ಹತ್ತಿ ಹತ್ತು ಗಂಟೆಗೆ ಎದ್ರೂ ಮೆಸೇಜ್ ಹೋಗಿರುತ್ತೆ. ಏಳು ಗಂಟೆಗೆ ಎಚ್ಚರ ಆಗಿ ಆರಾಮ ಅನ್ನಿಸಿದ್ರೆ ಹೋಗೋ ಮುಂಚೆ ಡಿಲೀಟ್ ಮಾಡಬಹುದು.

ಈಗ ಮೆಸೇಜ್‌ಗೆ ಬರೋಣ. ಲೆಕ್ಕದ ಪುಸ್ತಕದಲ್ಲಿ ರಾಮ ಐದು ಮಾವಿನಹಣ್ಣು ಕೊಂಡ ಅಂತಿರುತ್ತಲ್ಲ, ಹಾಗೆ ಚೈತ್ರ ಅಂತ ಒಬ್ಬಳು ಇಂಟರ್ನ್ ಇದ್ದಾಳೆ ಅಂದುಕೊಳ್ಳಿ. ಆರು ಜನರ ಟೀಮ್, 10:15ಕ್ಕೆ ಸ್ಟ್ಯಾಂಡ್‌ಅಪ್, ಲೀಡ್ ಹೆಸರು ಪವನ್. ಬುಧವಾರ ಬೆಳಗ್ಗೆ 101 ಡಿಗ್ರಿ ಜ್ವರ. ಅವತ್ತೇ ಮಧ್ಯಾಹ್ನ 3ಕ್ಕೆ ಕ್ಲೈಂಟ್‌ಗೆ ಡೆಮೋ, ಅದರಲ್ಲಿ ರೀಫಂಡ್ ಫಾರ್ಮ್ ತೋರಿಸೋದು ಅವಳ ಪಾಲು. ಅವಳು ಹೀಗೆ ಬರೀಬಹುದು:

‘ಪವನ್, ಜ್ವರ ಬಂದಿದೆ, ಇವತ್ತು ಕೆಲಸಕ್ಕೆ ಬರೋಕೆ ಆಗ್ತಿಲ್ಲ, ಸಿಕ್ ಲೀವ್ ತಗೋತಿದ್ದೀನಿ. 3 ಗಂಟೆ ಡೆಮೋದಲ್ಲಿ ರೀಫಂಡ್ ಫಾರ್ಮ್ ನಾನು ತೋರಿಸಬೇಕಿತ್ತು. ಫಾರ್ಮ್ ಕೆಲಸ ಮಾಡ್ತಿದೆ, ತಾರೀಖು ಚೆಕ್ ಮಾಡೋ ಭಾಗ ಮಾತ್ರ ಬಾಕಿ. ಕೋಡ್ refund-form ಬ್ರಾಂಚ್‌ನಲ್ಲಿ ಪುಶ್ ಆಗಿದೆ, ಇಮ್ರಾನ್‌ಗೆ ಅದರ ಪರಿಚಯ ಇದೆ. ನಾನು ಮಲಗಿರ್ತೀನಿ, 1 ಗಂಟೆಗೆ ಒಂದ್ಸಲ ಫೋನ್ ನೋಡ್ತೀನಿ. ನಾಳೆ ಬರ್ತೀನಾ ಇಲ್ವಾ ಅಂತ ಸಂಜೆ 6ರೊಳಗೆ ಹೇಳ್ತೀನಿ.’

ಬಹುತೇಕ ಕಡೆ ಇದನ್ನ ಇಂಗ್ಲಿಷಲ್ಲೇ ಟೈಪ್ ಮಾಡ್ತಾರೆ. ಭಾಷೆ ಯಾವುದಾದ್ರೂ ಕ್ರಮ ಇದೇ. ಪವನ್‌ಗೆ ಸರ್ ಅನ್ನಬೇಕಾ ಅಂತ ಕೆಲವರಿಗೆ ಸಂಕಟ. ಟೀಮ್‌ನ ಉಳಿದವರು ಹೇಗೆ ಕರೀತಾರೋ ಹಾಗೆ ಕರೆದ್ರೆ ಆಯ್ತು.

ಮೊದಲ ವಾಕ್ಯ ನೋಡಿ. ಸುದ್ದಿ ಅದರಲ್ಲೇ ಮುಗಿದಿದೆ. ಯಾಕಂದ್ರೆ ಫೋನ್ ಲಾಕ್ ಆಗಿದ್ದಾಗ ನೋಟಿಫಿಕೇಷನ್‌ನಲ್ಲಿ ಕಾಣೋದು ಮೊದಲ ಒಂದೆರಡು ಸಾಲು ಮಾತ್ರ. ‘ಗುಡ್ ಮಾರ್ನಿಂಗ್ ಸರ್, ಹೇಗಿದ್ದೀರಾ, ಇಷ್ಟು ಬೇಗ ತೊಂದರೆ ಕೊಟ್ಟಿದ್ದಕ್ಕೆ ಸಾರಿ’ ಅಂತ ಶುರು ಮಾಡಿದ್ರೆ ಆ ಜಾಗ ಪೂರ್ತಿ ಮರ್ಯಾದೆಗೇ ಖರ್ಚಾಗಿಬಿಡುತ್ತೆ. ಇದಕ್ಕಿಂತ ಕೆಟ್ಟದ್ದು ಬರೀ ‘ಹಾಯ್ ಸರ್’ ಅಂತ ಹಾಕಿ ಉತ್ತರಕ್ಕೆ ಕಾಯೋದು. ಅಲ್ಲಿಂದ ‘ಹಾಯ್, ಹೇಳು’ ಅಂತ ಬರೋದು ಒಂಬತ್ತೂವರೆಗೆ, ಅಷ್ಟರಲ್ಲಿ ನೀವು ಮಾತ್ರೆ ತಗೊಂಡು ನಿದ್ದೆ ಹೋಗಿರ್ತೀರ. ಲೀಡ್ ಹತ್ರ ಬರೀ ಒಂದು ಹಾಯ್ ಉಳಿಯುತ್ತೆ!

ಅದೇ ವಾಕ್ಯದಲ್ಲಿ ಇನ್ನೊಂದು ವಿಷಯ ಇದೆ. ‘ಇವತ್ತು ರಜೆ ತಗೋಬಹುದಾ?’ ಅಂತ ಅವಳು ಕೇಳಿಲ್ಲ. ಅರ್ಜಿ ಬರೆದು ಬೆಳೆದ ನಮಗೆ ಕೇಳೋದೇ ವಿನಯ ಅನ್ನಿಸುತ್ತೆ. ಆದ್ರೆ ಪ್ರಶ್ನೆ ಹಾಕಿದ್ರೆ ಉತ್ತರ ಬರೋ ತನಕ ಇಬ್ಬರಿಗೂ ವಿಷಯ ಇತ್ಯರ್ಥ ಆಗಿರಲ್ಲ, ನೀವು ಮಲಗೋಕೂ ಆಗಲ್ಲ. ಊರಿಗೆ ಹೋಗೋಕೆ, ಮದುವೆಗೆ ರಜೆ ಬೇಕಾದ್ರೆ ಕೇಳಬೇಕು, ಅದೂ ಮುಂಚೆಯೇ. ಜ್ವರದ ವಿಷಯದಲ್ಲಿ ತಿಳಿಸೋದು ಅಷ್ಟೇ. ಹಾಗಂತ ‘ಇವತ್ತು ಬರಲ್ಲ’ ಅಂತ ಬರೆದ್ರೆ ಹಠ ಮಾಡಿದ ಹಾಗೆ ಕೇಳುತ್ತೆ. ಕನ್ನಡದಲ್ಲಿ ಇದಕ್ಕೆ ಒಳ್ಳೆ ದಾರಿ ಇದೆ: ‘ಬರಲ್ಲ’ ಅಂದ್ರೆ ನನ್ನ ಇಷ್ಟ, ‘ಬರೋಕೆ ಆಗ್ತಿಲ್ಲ’ ಅಂದ್ರೆ ಮೈ ಒಪ್ಪುತ್ತಿಲ್ಲ. ಎರಡನೇದರಲ್ಲಿ ವಿನಯವೂ ಇದೆ, ಅನುಮತಿಗೆ ಕಾಯೋದೂ ಇಲ್ಲ.

ಕಾಯಿಲೆ ಬಗ್ಗೆ ಅವಳು ಬರೆದಿರೋದು ‘ಜ್ವರ’ ಅನ್ನೋ ಒಂದೇ ಪದ. ‘ಹುಷಾರಿಲ್ಲ’ ಅಂದಿದ್ರೂ ಸಾಕಿತ್ತು. ಎಷ್ಟು ಸಲ ಬಾತ್‌ರೂಮಿಗೆ ಹೋದೆ ಅನ್ನೋ ಲೆಕ್ಕ, ಥರ್ಮಾಮೀಟರ್ ಫೋಟೋ, ಮಾತ್ರೆ ಶೀಟ್ ಫೋಟೋ ಯಾವುದೂ ಬೇಡ. ಅಕ್ಕ ಹೇಳೋ ಪ್ರಕಾರ, ಯಾರೂ ಕೇಳದೇ ಇದ್ದಾಗ ಸಾಕ್ಷಿ ಕಳಿಸಿದ್ರೆ ಓದೋರಿಗೆ ಇಲ್ಲದ ಅನುಮಾನ ಹುಟ್ಟುತ್ತೆ. ಒಂದೇ ಕಡೆ ಹೆಸರು ಹೇಳಲೇಬೇಕು, ಅದು ಅಂಟುಜಾಡ್ಯ. ಸಿಡುಬಿನ ಥರದ ಚಿಕನ್‌ಪಾಕ್ಸ್, ಕಣ್ಣು ಕೆಂಪಾಗೋ ಮದ್ರಾಸ್ ಐ ಇಂಥದ್ದಾದ್ರೆ, ನಿನ್ನೆ ಪಕ್ಕದಲ್ಲಿ ಕೂತವರಿಗೆ ಅದು ಬೇಕಾದ ಮಾಹಿತಿ. ಮುಟ್ಟಿನ ನೋವಿಗೂ ‘ಹುಷಾರಿಲ್ಲ’ ಸಾಕು. ಆದ್ರೆ ಕರ್ನಾಟಕ ಸರ್ಕಾರ 2025ರಲ್ಲಿ ತಿಂಗಳಿಗೊಂದು ದಿನದ ಸಂಬಳ ಸಹಿತ ಮುಟ್ಟಿನ ರಜೆ ನೀತಿ ತಂದಿದೆ. ಕಂಪನಿಯಲ್ಲಿ ಆ ರಜೆ ಬೇರೆಯಾಗಿ ಇದ್ದು ಅದನ್ನೇ ತಗೋಬೇಕು ಅಂದ್ರೆ ಅದರ ಹೆಸರು ಹೇಳಬೇಕಾಗುತ್ತೆ.

ಲೀಡ್‌ಗೆ ನಿಜವಾಗಿ ಬೇಕಾಗಿರೋದು ಮೆಸೇಜ್‌ನ ಮಧ್ಯಭಾಗ. ಚೈತ್ರ ತನ್ನ ಎಲ್ಲಾ ಕೆಲಸದ ಪಟ್ಟಿ ಕೊಟ್ಟಿಲ್ಲ. ಶುಕ್ರವಾರ ಮುಗಿಸಬೇಕಾದ ಕೆಲಸವೂ ಅವಳ ಹತ್ರ ಇರಬಹುದು, ಅದು ಒಂದು ದಿನ ಕಾಯುತ್ತೆ. ಅವಳಿಲ್ಲದೆ ಇವತ್ತೇ ನಿಂತುಹೋಗೋದು ಡೆಮೋ ಒಂದೇ, ಅದನ್ನಷ್ಟೇ ಹೇಳಿದ್ದಾಳೆ. ಇನ್ನೊಂದು ಸೂಕ್ಷ್ಮ: ‘ಇಮ್ರಾನ್ ತೋರಿಸ್ತಾನೆ’ ಅಂತ ಬರೆದಿಲ್ಲ, ‘ಇಮ್ರಾನ್‌ಗೆ ಪರಿಚಯ ಇದೆ’ ಅಂದಿದ್ದಾಳೆ. ಯಾರಿಗೆ ಕೆಲಸ ಕೊಡಬೇಕು ಅನ್ನೋದು ಪವನ್ ತೀರ್ಮಾನ. ಇಮ್ರಾನ್‌ಗೆ ಅವತ್ತು ಬೇರೆ ಏನಿದೆಯೋ ಅವಳಿಗೆ ಹೇಗೆ ಗೊತ್ತು?

‘ಪುಶ್ ಆಗಿದೆ’ ಅನ್ನೋ ಮಾತು ಬೆಳಗ್ಗೆ ಹೇಳಬೇಕಾದ್ರೆ ಹಿಂದಿನ ಸಂಜೆಯೇ ಆಗಿರಬೇಕು. ಕೋಡ್ ಬರೀ ಅವಳ ಲ್ಯಾಪ್‌ಟಾಪ್‌ನಲ್ಲಿದ್ರೆ ಎಷ್ಟು ಚಂದದ ಮೆಸೇಜ್ ಬರೆದ್ರೂ ಡೆಮೋ ಉಳಿಯಲ್ಲ, ಜ್ವರದಲ್ಲಿ ಎದ್ದು ಲ್ಯಾಪ್‌ಟಾಪ್ ತೆಗೀಬೇಕಾಗುತ್ತೆ. ಅರ್ಧಂಬರ್ಧ ಕೋಡ್ ಆದ್ರೂ ಪರವಾಗಿಲ್ಲ, ಸ್ವಂತ ಬ್ರಾಂಚ್‌ನಲ್ಲಿ ದಿನಾ ಸಂಜೆ ಇಷ್ಟು ಮಾಡಿ ಏಳೋದು ವಾಸಿ:

```
git add -A
git commit -m "WIP: refund form, date check pending"
git push -u origin HEAD
```

ಇಲ್ಲಿ ಶಾರ್ಟ್‌ಕಟ್ ಅಂತ `git commit -am` ಬಳಸಿದ್ರೆ ಹೊಸದಾಗಿ ಸೇರಿಸಿದ ಫೈಲ್‌ಗಳು ಕಮಿಟ್ ಆಗಲ್ಲ, ಹಳೇ ಫೈಲ್‌ಗಳ ಬದಲಾವಣೆ ಮಾತ್ರ ಹೋಗುತ್ತೆ. ಬೆಳಗ್ಗೆ ಇಮ್ರಾನ್ ಬ್ರಾಂಚ್ ತೆಗೆದಾಗ ಒಂದು ಫೈಲೇ ಇಲ್ಲ ಅನ್ನೋದು ಹೀಗೇ ಆಗೋದು.

ಆಮೇಲೆ ‘ಮಲಗಿರ್ತೀನಿ, 1 ಗಂಟೆಗೆ ಫೋನ್ ನೋಡ್ತೀನಿ’. ನಮ್ಮಲ್ಲಿ ಸಂಕೋಚಕ್ಕೆ ‘ಏನಿದ್ರೂ ಕಾಲ್ ಮಾಡಿ ಸರ್, ಮನೆಯಿಂದ ನೋಡ್ತೀನಿ’ ಅಂತ ಸೇರಿಸೋ ಅಭ್ಯಾಸ ಇದೆ. ಹಾಗೆ ಬರೆದ್ರೆ ರಜೆಯೂ ಅಲ್ಲ, ಕೆಲಸವೂ ಅಲ್ಲ. ಲೀಡ್ ಅದನ್ನ ನಂಬಿ ಯಾರಿಗೂ ಕೆಲಸ ಕೊಡಲ್ಲ, ನೀವು ಎರಡೂವರೆಗೆ ನಿದ್ದೆಯಲ್ಲಿರ್ತೀರ. ಯಾವಾಗ ಸಿಗ್ತೀನಿ ಅಂತ ಒಂದು ಟೈಮ್ ಹೇಳಿ, ಇಲ್ಲ ಇವತ್ತು ಸಿಗಲ್ಲ ಅಂತ ಹೇಳಿ. ಎರಡೂ ಸರಿಯೇ.

ಈ ಮೆಸೇಜ್ ಲೀಡ್‌ಗೆ ನೇರವಾಗಿ ಹೋಗಬೇಕು, ರೂಮ್‌ಮೇಟ್ ಕೈಲಿ ಹೇಳಿಕಳಿಸೋದಲ್ಲ. ಟೀಮ್ ಚಾನೆಲ್‌ಗೆ ಬೇರೆ ಒಂದು ಸಾಲು: ‘ಇವತ್ತು ನಾನು ರಜೆ.’ ಕಾಯಿಲೆ ಹೆಸರು ಅಲ್ಲಿ ಬೇಡ. ಸ್ಲ್ಯಾಕ್‌ನಲ್ಲಿ Out sick ಅನ್ನೋ ಸ್ಟೇಟಸ್ ರೆಡಿ ಇರುತ್ತೆ, ಅದನ್ನ ಹಾಕಿದ್ರೆ ಬೇರೆ ಟೀಮ್‌ನವರಿಗೂ ಗೊತ್ತಾಗುತ್ತೆ.

ಲೀಡ್ ಓದಿದ್ರಾ ಅಂತ ತಿಳಿಯೋದು ಹೇಗೆ? ವಾಟ್ಸಾಪ್‌ನ ನೀಲಿ ಟಿಕ್ ಥರ ಸ್ಲ್ಯಾಕ್‌ನಲ್ಲಿ ಏನೂ ಇಲ್ಲ. ಉತ್ತರವೋ, ಒಂದು ಥಂಬ್ಸ್ ಅಪ್ಪೋ ಬಂದ್ರೆ ಮುಗೀತು. ಸ್ಟ್ಯಾಂಡ್‌ಅಪ್‌ಗೆ ಹದಿನೈದು ನಿಮಿಷ ಇದ್ದಾಗಲೂ ಏನೂ ಬರದಿದ್ರೆ ಒಂದೇ ಒಂದು ಕಾಲ್, ಎತ್ತದಿದ್ರೆ ಟೀಮ್‌ನ ಒಬ್ಬರಿಗೆ ಹೇಳಿ ಸುಮ್ಮನಾಗಬಹುದು. ಬರೋ ಉತ್ತರ ಕೂಡ ಒಂದು ಪರೀಕ್ಷೆ. ‘ಸರಿ, ರೆಸ್ಟ್ ಮಾಡು’ ಅಂತ ಮಾತ್ರ ಬಂದ್ರೆ ನಿಮ್ಮ ಮೆಸೇಜ್‌ನಲ್ಲಿ ಎಲ್ಲಾ ಇತ್ತು. ‘ಓಕೆ, ಆದ್ರೆ ಡೆಮೋ ಕತೆ ಏನು?’ ಅಂತ ಬಂದ್ರೆ ಮಧ್ಯಭಾಗ ಬಿಟ್ಟುಹೋಗಿದೆ.

ಚಾಟ್‌ನಲ್ಲಿ ಹೇಳಿದ ಮಾತ್ರಕ್ಕೆ ರಜೆ ದಾಖಲಾಗಲ್ಲ. ಎಚ್‌ಆರ್ ಪೋರ್ಟಲ್‌ನಲ್ಲಿ ಅವತ್ತೋ ವಾಪಸ್ ಬಂದ ದಿನವೋ ಹಾಕಬೇಕು, ಇಲ್ಲಾಂದ್ರೆ ಹಾಜರಿ ಇಲ್ಲ ಅಂತ ಸಂಬಳ ಕಟ್ ಆಗಬಹುದು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಲ್ಲಿ ಕಾಯಿಲೆ, ಅಪಘಾತ ಅಥವಾ ಬೇರೆ ತಕ್ಕ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ. ಆದ್ರೆ ಅದು ನೌಕರರ ಲೆಕ್ಕ. ಸ್ಟೈಪೆಂಡ್ ಮೇಲೆ ಹೋಗೋ ನಾವು ಆಫರ್ ಲೆಟರ್‌ನಲ್ಲಿ ಏನು ಬರೆದಿದ್ದಾರೆ ಅಂತ ನೋಡ್ಕೋಬೇಕು. ಹುಷಾರಾಗಿರೋವಾಗಲೇ ಆ ಪ್ಯಾರಾ ಒಂದ್ಸಲ ಓದಿಟ್ಕೊಳ್ಳಿ. ಎಷ್ಟು ದಿನ ದಾಟಿದ್ರೆ ಡಾಕ್ಟರ್ ಸರ್ಟಿಫಿಕೇಟ್ ಬೇಕು ಅನ್ನೋದೂ ಅಲ್ಲೇ ಇಲ್ಲಾಂದ್ರೆ ಕಂಪನಿಯ ರಜೆ ನಿಯಮದಲ್ಲಿ ಇರುತ್ತೆ.

ಇನ್ನು ಉಳಿದಿದ್ದು ಸಂಜೆ 6ರ ಮಾತು. ಚೈತ್ರಳಿಗೆ ಐದೂವರೆಗೆ ಇನ್ನೂ ಮೈಕೈ ನೋವು, ನಾಳೆ ಗೊತ್ತಿಲ್ಲ. ಆಗ ಹೀಗೆ ಹಾಕಬಹುದು: ‘ಪವನ್, ಜ್ವರ ಇಳಿದಿದೆ, ಸುಸ್ತು ಇದೆ. ನಾಳೆ ಬಹುಶಃ ಬರೋಕೆ ಆಗಲ್ಲ ಅಂತಲೇ ಇಟ್ಕೊಳ್ಳಿ. ಬರೋ ಹಾಗಿದ್ರೆ ಬೆಳಗ್ಗೆ 9ರೊಳಗೆ ಹೇಳ್ತೀನಿ.’ ಬರ್ತೀನಿ ಅಂದು ಬರದೇ ಇರೋದಕ್ಕಿಂತ, ಬರಲ್ಲ ಅಂತ ಲೆಕ್ಕ ಹಾಕಿಸಿ ಬಂದ್ರೆ ಲೀಡ್‌ಗೆ ಏನೂ ನಷ್ಟ ಇಲ್ಲ.