ಫೋಟೋದಲ್ಲಿರುವ 7 ಮತ್ತು 4: ಎಫ್ ಪರೀಕ್ಷೆ

ಪರದೆಯ ಮೇಲೆ ಒಂದು ಫೋಟೋ ಇದೆ ಅಂದುಕೊಳ್ಳಿ. ಸಕ್ಕರೆ ಪ್ಯಾಕೆಟ್ ತುಂಬುವ ಎರಡು ಯಂತ್ರಗಳ ಲೆಕ್ಕ. ಮೊದಲನೆಯದರಿಂದ 10 ಪ್ಯಾಕೆಟ್, ಪಕ್ಕದಲ್ಲಿ 7. ಎರಡನೆಯದರಿಂದ 13 ಪ್ಯಾಕೆಟ್, ಪಕ್ಕದಲ್ಲಿ 4. ಎರಡರ ಏರುಪೇರು ಒಂದೇನಾ?

ತಕ್ಷಣ ಭಾಗಿಸಬೇಡಿ. ಆ 7 ಯಾವುದು? ಕಾಲಮ್ಮಿನ ತಲೆಬರಹವನ್ನು ದೊಡ್ಡದು ಮಾಡಿ ನೋಡಿ: ಎಸ್.ಡಿ., ಗ್ರಾಂನಲ್ಲಿ. ಅಂದರೆ ಇದು ಮಾನಕ ವಿಚಲನೆ. ವೇರಿಯನ್ಸ್ ಬೇಕಾದರೆ ವರ್ಗ ಮಾಡಬೇಕು: 49 ಮತ್ತು 16. ತಲೆಬರಹ ಕತ್ತರಿಸಿಹೋದ ಫೋಟೋ ಆಗಿದ್ದರೆ, ಇನ್ನೊಂದು ಫೋಟೋ ಕೇಳಿ. ಊಹಿಸಿದರೆ ಉತ್ತರ 1.75 ಬಂದು ಕೂತುಬಿಡುತ್ತದೆ!

ದೊಡ್ಡದನ್ನು ಮೇಲಿಡಿ.

```
F = 49 / 16 = 3.06
```

ಡಿಗ್ರಿ ಆಫ್ ಫ್ರೀಡಮ್ ಮೇಲಿನದಕ್ಕೆ 9, ಕೆಳಗಿನದಕ್ಕೆ 12. ಕೋಷ್ಟಕದಲ್ಲಿ ಇದೇ ಕ್ರಮದಲ್ಲಿ ಹುಡುಕಿ. ಅದಲುಬದಲಾದರೆ ಬೇರೆಯೇ ಸಂಖ್ಯೆ ಸಿಗುತ್ತದೆ.

ಈಗ ಎಡವುವ ಜಾಗ. ಶೇ. 5ರ ಕೋಷ್ಟಕ 2.80 ಅನ್ನುತ್ತದೆ. ನಮ್ಮದು 3.06, ಹಾಗಾದರೆ ಏರುಪೇರು ಬೇರೆ ಬೇರೆ? ಇಲ್ಲ. ಯಾವ ಯಂತ್ರದ್ದು ಹೆಚ್ಚು ಅಂತ ನಾವು ಮೊದಲೇ ಹೇಳಿರಲಿಲ್ಲ. ಸಂಖ್ಯೆ ನೋಡಿಯೇ ದೊಡ್ಡದನ್ನು ಮೇಲಿಟ್ಟೆವು. ಆದ್ದರಿಂದ ಪರೀಕ್ಷೆ ಎರಡೂ ಬದಿಯದು, ನೋಡಬೇಕಾದದ್ದು ಶೇ. 2.5ರ ಕೋಷ್ಟಕ. ಅಲ್ಲಿ 3.44. ನಮ್ಮ 3.06 ಅದನ್ನು ಮುಟ್ಟಲಿಲ್ಲ. ಏರುಪೇರು ಬೇರೆ ಅನ್ನಲು ಸಾಕಷ್ಟು ಪುರಾವೆ ಇಲ್ಲ. ಸಮ ಎಂದು ಸಾಬೀತಾಯಿತು ಅಂತಲೂ ಅಲ್ಲ, ಮಾದರಿ ಚಿಕ್ಕದು.

ಇನ್ನೊಂದು ಮಾತು. ತೂಕಗಳು ನಾರ್ಮಲ್ ಹಂಚಿಕೆಯಲ್ಲಿರಬೇಕು ಅನ್ನೋದು ಈ ಪರೀಕ್ಷೆಯ ಷರತ್ತು. ಬರೀ ಸಾರಾಂಶದ ಫೋಟೋದಿಂದ ಅದು ಗೊತ್ತಾಗುವುದಿಲ್ಲ. ಅದಕ್ಕೆ ಆ 23 ತೂಕಗಳೇ ಬೇಕು.