ಕೊನೆಯ ಚೌಕಟ್ಟು ಮೊದಲು

ವೈಕುಂಠ ಸಮಾರಾಧನೆಗೋ ವರ್ಷಾಬ್ದಿಕಕ್ಕೋ ಬಂದವರು ಊಟಕ್ಕೆ ಮುಂಚೆ ಕೂತು ನೋಡಲೆಂದು, ತೀರಿಕೊಂಡವರ ಹಳೆಯ ಫೋಟೊಗಳನ್ನು ವಿಡಿಯೊ ಮಾಡಿಸುವ ರೂಢಿ ಈಗ ಅನೇಕ ಮನೆಗಳಲ್ಲಿದೆ. ಮೊಬೈಲಿನಲ್ಲೇ ಹತ್ತು ನಿಮಿಷದಲ್ಲಿ ಆಗಿಬಿಡುತ್ತದೆ. ಫೋಟೊಗಳನ್ನು ಆರಿಸಿ ಕೊಟ್ಟರೆ ಸಾಕು, ಆ್ಯಪ್ ತಾನೇ ಒಂದೊಂದನ್ನೂ ಹಿಗ್ಗಿಸಿ, ಸರಿಸಿ, ಹಾಡಿಗೆ ಜೋಡಿಸಿ ಕೊಡುತ್ತದೆ. ಆದರೆ ಅದಕ್ಕೆ ಅಜ್ಜಿ ಯಾರು, ಹಿಂದೆ ನಿಂತ ಕಂಬ ಯಾವುದು ಎನ್ನುವುದು ಗೊತ್ತಿಲ್ಲ. ಅಜ್ಜಿಯ ಮುಖದಿಂದ ಹೊರಟು ಕಂಬದ ಮೇಲೆ ನಿಲ್ಲುವ ವಿಡಿಯೊಗಳನ್ನು ನಾನು ನೋಡಿದ್ದೇನೆ. ನೋಡುವವರಿಗೆ ಏನೋ ಸರಿಯಿಲ್ಲ ಅನಿಸುತ್ತದೆ, ಏನೆಂದು ಹೇಳಲಾಗುವುದಿಲ್ಲ.

ನಿಂತ ಚಿತ್ರದ ಮೇಲೆ ಕ್ಯಾಮೆರಾ ನಿಧಾನವಾಗಿ ಚಲಿಸುವ ಈ ಕ್ರಮಕ್ಕೆ ಸಾಫ್ಟ್‌ವೇರ್‌ಗಳಲ್ಲಿ ಕೆನ್ ಬರ್ನ್ಸ್ ಎಂಬ ಹೆಸರಿದೆ. ಅಮೆರಿಕದ ಸಾಕ್ಷ್ಯಚಿತ್ರಕಾರ ಬರ್ನ್ಸ್ 1990ರಲ್ಲಿ ತಮ್ಮ ದೇಶದ ಅಂತರ್ಯುದ್ಧದ ಕಥೆಯನ್ನು ಬಹುಮಟ್ಟಿಗೆ ಆ ಕಾಲದ ಫೋಟೊಗಳಿಂದಲೇ ಟಿವಿಯಲ್ಲಿ ಹೇಳಿದರು. ಈ ಕ್ರಮ ಅವರಿಗಿಂತ ಹಳೆಯದು. ಕೆನಡಾದ ಕಾಲಿನ್ ಲೋ ಮತ್ತು ವುಲ್ಫ್ ಕೋನಿಗ್ 1957ರ ‘ಸಿಟಿ ಆಫ್ ಗೋಲ್ಡ್’ ಚಿತ್ರದಲ್ಲಿ, ಚಿನ್ನದ ಆಸೆಗೆ ಡಾಸನ್ ಎಂಬ ಊರಿಗೆ ನುಗ್ಗಿದ ಜನರ ಹಳೆಯ ಫೋಟೊಗಳ ಮೇಲೆ ಕ್ಯಾಮೆರಾವನ್ನು ಹೀಗೆ ಓಡಾಡಿಸಿದ್ದರು. ಇವರೆಲ್ಲರ ಕೆಲಸದಲ್ಲಿ ಒಂದು ಅಂಶ ಎದ್ದು ಕಾಣುತ್ತದೆ: ಕ್ಯಾಮೆರಾ ಎಲ್ಲಿಗೆ ಹೋಗಿ ನಿಲ್ಲಬೇಕು ಎಂಬುದು ಹೊರಡುವ ಮೊದಲೇ ತೀರ್ಮಾನವಾಗಿರುತ್ತದೆ. ಮನೆಯ ವಿಡಿಯೊಗೂ ಅಲ್ಲಿಂದಲೇ ಶುರುಮಾಡಬೇಕು.

ಒಂದು ಗ್ರೂಪ್ ಫೋಟೊವನ್ನೇ ತೆಗೆದುಕೊಳ್ಳೋಣ. ಅರವತ್ತರ ದಶಕದ ಮದುವೆ, ಮನೆಯ ಮುಂದೆ ಮೂರು ಸಾಲು ಜನ, ದಪ್ಪ ರಟ್ಟಿಗೆ ಅಂಟಿಸಿದ ಹತ್ತು ಇಂಚು ಅಗಲ, ಎಂಟು ಇಂಚು ಎತ್ತರದ ಕಪ್ಪು ಬಿಳುಪು ಪ್ರಿಂಟು. ನಾವು ನೆನೆಯಬೇಕಾದ ಅಜ್ಜಿ ಅದರಲ್ಲಿ ಎರಡು ಜಡೆಯ ಹುಡುಗಿ, ನಡುಸಾಲಿನ ಬಲತುದಿಯಲ್ಲಿ ನಿಂತಿದ್ದಾಳೆ. ಅವಳ ಮುಖ ಪ್ರಿಂಟಿನಲ್ಲಿ ಅರ್ಧ ಇಂಚು. ಎಷ್ಟು ಹತ್ತಿರ ಹೋಗಬಹುದು ಎಂಬುದನ್ನು ನಿರ್ಧರಿಸುವುದು ಸ್ಕ್ಯಾನು. ಇಂಚಿಗೆ 600 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಚಿತ್ರದ ಅಗಲ 6000 ಪಿಕ್ಸೆಲ್ ಆಗುತ್ತದೆ. ಫುಲ್ ಎಚ್‌ಡಿ ವಿಡಿಯೊದ ಅಗಲ 1920. ಅಂದರೆ ಪ್ರಿಂಟಿನ ಸುಮಾರು ಮೂರೂಕಾಲು ಇಂಚು ಅಗಲದ ಭಾಗ ಪರದೆ ತುಂಬುವವರೆಗೆ ಹೋಗಬಹುದು. ಅದಕ್ಕಿಂತ ಒಳಗೆ ಹೋದರೆ ಚಿತ್ರ ಮಸುಕಾಗುತ್ತದೆ. ಆ ಮೂರೂಕಾಲು ಇಂಚಿನಲ್ಲಿ ಅಜ್ಜಿಯ ಜೊತೆ ಪಕ್ಕದ ಇಬ್ಬರು ಮೂವರೂ ಬರುತ್ತಾರೆ. ಬರಲಿ. ಅವಳ ಹೆಗಲ ಮೇಲೆ ಕೈಯಿಟ್ಟ ಅಕ್ಕ ಅಲ್ಲಿದ್ದರೆ ಅದೂ ಅವಳ ಕಥೆಯೇ. ಇದೇ ಪ್ರಿಂಟನ್ನು 300ರಲ್ಲಿ ಸ್ಕ್ಯಾನ್ ಮಾಡಿದ್ದರೆ ಫೋಟೊದ ಅಗಲದ ಸುಮಾರು ಮೂರನೇ ಎರಡು ಭಾಗಕ್ಕೇ ನಿಲ್ಲಬೇಕಾಗುತ್ತಿತ್ತು. ಪಾಸ್‌ಪೋರ್ಟ್ ಅಳತೆಯ ಸಣ್ಣ ಫೋಟೊವಾದರೆ 1200 ಬೇಕು. ಅದಕ್ಕೂ ಮೇಲೆ ಹೋದರೆ ಸಾಮಾನ್ಯವಾಗಿ ಕಾಗದದ ನಾರು ದೊಡ್ಡದಾಗುತ್ತದೆಯೇ ಹೊರತು ಮುಖದ ವಿವರ ಹೆಚ್ಚುವುದಿಲ್ಲ.

ಕಟ್ಟು ಹಾಕಿಸಿದ ಫೋಟೊ ತೇವಕ್ಕೆ ಗಾಜಿಗೆ ಅಂಟಿಕೊಂಡಿದ್ದರೆ ಮಾತ್ರ ಕಿತ್ತು ಸ್ಕ್ಯಾನ್ ಮಾಡಲು ಹೋಗಬೇಡಿ; ಮುಖ ಗಾಜಿಗೇ ಉಳಿದುಬಿಡುತ್ತದೆ. ಗಾಜಿನ ಸಮೇತ ಒರಗಿಸಿ, ಎರಡು ಬದಿಯಿಂದ ಓರೆಯಾಗಿ ಬೆಳಕು ಬಿಟ್ಟು, ಕ್ಯಾಮೆರಾದಲ್ಲಿ ನೇರವಾಗಿ ತೆಗೆಯುವುದೇ ಕ್ಷೇಮ.

ಈಗ ಚಲನೆ. ಫೋಟೊದ ಪೂರ್ತಿ ಅಗಲದಿಂದ ಶುರುಮಾಡಿ ಒಂದೇ ಓಟದಲ್ಲಿ ಹುಡುಗಿಯ ಹತ್ತಿರ ಬರಬೇಕೆಂದು ಎಲ್ಲರಿಗೂ ಆಸೆ. ಲೆಕ್ಕ ಹಾಕಿದರೆ ಅದು ಮೂರು ಪಟ್ಟು ಹಿಗ್ಗಿಸಿದಂತೆ. ಎಂಟು ಸೆಕೆಂಡಿನಲ್ಲಿ ಮೂರು ಪಟ್ಟು ಎಂದರೆ ಫೋಟೊ ನಮ್ಮ ಮೇಲೆ ನುಗ್ಗಿದಂತೆ ಕಾಣುತ್ತದೆ, ದಾರಿಯಲ್ಲಿ ಸಿಕ್ಕ ಮುಖಗಳನ್ನು ಯಾರೂ ನೋಡಲಾಗುವುದಿಲ್ಲ. ಅದನ್ನು ಎರಡು ತುಂಡು ಮಾಡುವುದು ಒಳ್ಳೆಯದು. ಮೊದಲ ತುಂಡಿನಲ್ಲಿ ಇಡೀ ಫೋಟೊ, ಎಂಟು ಸೆಕೆಂಡಿನಲ್ಲಿ ಶೇಕಡಾ ಏಳರಷ್ಟೇ ಒಳಕ್ಕೆ. ಹಾಲಿನಲ್ಲಿ ಕೂತವರು ‘ಅವನು ಶಾಮಣ್ಣ ಅಲ್ವಾ’ ಎಂದು ಗುರುತು ಹಿಡಿಯಲು ಅಷ್ಟು ಹೊತ್ತು ಬೇಕು. ಆಮೇಲೆ ನೇರ ಕಟ್. ಎರಡನೆಯ ತುಂಡು ಮೂರೂಮುಕ್ಕಾಲು ಇಂಚಿನ ಚೌಕಟ್ಟಿನಿಂದ ಶುರುವಾಗಿ ಮೂರೂಕಾಲಕ್ಕೆ ನಿಲ್ಲುತ್ತದೆ. ಅದು ಶೇಕಡಾ ಹದಿನೈದು. ಕಣ್ಣಿಗೆ ಹಿತವಾದ ಮಿತಿ ಅಷ್ಟೇ.

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಇದಕ್ಕೆ Dynamic Zoom ಎಂಬ ಸೌಲಭ್ಯವಿದೆ. ಫೋಟೊದ ಮೇಲೆ ಎರಡು ಚೌಕ ಕಾಣುತ್ತವೆ, ಹಸಿರು ಆರಂಭ, ಕೆಂಪು ಅಂತ್ಯ. ಕೆಂಪನ್ನು ಮೊದಲು ಹುಡುಗಿಯ ಮೇಲೆ ಇಡಿ. ಅವಳ ಕಣ್ಣು ಚೌಕಟ್ಟಿನ ಮೇಲಿನ ಮೂರನೇ ಒಂದು ಭಾಗದ ಗೆರೆಯ ಹತ್ತಿರ ಇರಲಿ. ಆಮೇಲೆ ಅದಕ್ಕಿಂತ ತುಸು ದೊಡ್ಡದಾಗಿ ಹಸಿರನ್ನು ಇಡಿ. ಹೀಗೆ ಹಿಂದಿನಿಂದ ಮುಂದಕ್ಕೆ ಬಂದರೆ ಕಂಬದ ಮೇಲೆ ನಿಲ್ಲುವ ಪ್ರಸಂಗವೇ ಬರುವುದಿಲ್ಲ. ಐಮೂವಿಯಲ್ಲಾದರೆ ಇವೇ ಎರಡು ಚೌಕಟ್ಟುಗಳಿಗೆ Start, End ಎಂದು ಹೆಸರು.

ಚಲನೆ ಆರಂಭದಲ್ಲಿ ಮೆಲ್ಲಗೆ ಎದ್ದು ಕೊನೆಯಲ್ಲಿ ಮೆಲ್ಲಗೆ ನಿಲ್ಲುವಂತೆ ಮಾಡುವ ಆಯ್ಕೆಯೂ ಅಲ್ಲೇ ಇರುತ್ತದೆ. ನೇರ ಕಟ್ ಇರುವ ಕಡೆ ಅದು ಚೆನ್ನ. ಆದರೆ ಒಂದು ಫೋಟೊ ಕರಗಿ ಇನ್ನೊಂದು ಮೂಡುವ ಕಡೆ ಅದೇ ತೊಂದರೆ: ಹಳೆಯದು ಪೂರ್ತಿ ನಿಂತು ಕರಗುತ್ತದೆ, ಹೊಸದು ನಿಂತೇ ಮೂಡಿ ಆಮೇಲೆ ಹೊರಡುತ್ತದೆ. ಇಡೀ ವಿಡಿಯೊ ನಿಂತು ನಿಂತು ಹೋದಂತಾಗುತ್ತದೆ. ಅಂಥ ಕಡೆ ಒಂದೇ ವೇಗ ಇಟ್ಟು, ಕರಗುವಾಗಲೂ ಚಲನೆ ಮುಂದುವರಿಯಲು ಬಿಡಬೇಕು.

ಜರ್ಕ್ ಎಂದು ಜನ ಹೇಳುವ ಇನ್ನೊಂದು ದೋಷದ ಕಾರಣವೇ ಬೇರೆ. ಎಂಟು ಸೆಕೆಂಡಿನಲ್ಲಿ ಚಿತ್ರ 100 ಪಿಕ್ಸೆಲ್ ಪಕ್ಕಕ್ಕೆ ಸರಿಯಬೇಕು ಎನ್ನಿ. ಸೆಕೆಂಡಿಗೆ 25 ಫ್ರೇಮಿನಂತೆ 200 ಫ್ರೇಮು. ಒಂದೊಂದಕ್ಕೆ ಅರ್ಧ ಪಿಕ್ಸೆಲ್. ಅರ್ಧ ಪಿಕ್ಸೆಲ್ ಸರಿಸಲು ಬಾರದ ಸಾಫ್ಟ್‌ವೇರ್ ಒಂದು ಫ್ರೇಮ್ ಸುಮ್ಮನಿದ್ದು ಇನ್ನೊಂದರಲ್ಲಿ ಇಡೀ ಪಿಕ್ಸೆಲ್ ಜಿಗಿಯುತ್ತದೆ, ಚಿತ್ರ ನಡುಗುತ್ತದೆ. ಚಲನೆ ನಿಧಾನವಾದಷ್ಟೂ ನಡುಕ ಹೆಚ್ಚು ಕಾಣುತ್ತದೆ. ಗುಣಮಟ್ಟ ಕಡಿಮೆಯೆಂದು ಸ್ಕ್ಯಾನನ್ನು ದೂರುವ ಮುನ್ನ ಬೇರೆ ಸಾಫ್ಟ್‌ವೇರಿನಲ್ಲಿ ಒಂದು ಸಲ ನೋಡುವುದು ಒಳ್ಳೆಯದು. ಇದಕ್ಕೆ ತದ್ವಿರುದ್ಧವಾದ ತೊಂದರೆ ದೊಡ್ಡ ಸ್ಕ್ಯಾನಿನಿಂದ ಬರುತ್ತದೆ. 6000 ಪಿಕ್ಸೆಲ್ಲಿನ ಚಿತ್ರವನ್ನು 1920ಕ್ಕೆ ಕುಗ್ಗಿಸಿ ಸರಿಸುವಾಗ ಸೀರೆಯ ಜರಿ ಅಂಚು, ಚೌಕಳಿ ಅಂಗಿ, ಹೆಂಚಿನ ಸಾಲು ಮಿಣಮಿಣ ಮಿನುಗತೊಡಗುತ್ತವೆ. ಇಡೀ ಫೋಟೊ ತೋರಿಸುವ ಮೊದಲ ತುಂಡಿಗೆ 2500 ಪಿಕ್ಸೆಲ್ ಅಗಲದ ಇನ್ನೊಂದು ಪ್ರತಿ ಮಾಡಿಕೊಂಡರೆ ಅದು ಬಹುಪಾಲು ಹೋಗುತ್ತದೆ.

ಎಲ್ಲ ಫೋಟೊವನ್ನೂ ಚಲಿಸಬೇಕೆಂದಿಲ್ಲ. ಸ್ಟುಡಿಯೊದಲ್ಲಿ ಗಂಡ ಹೆಂಡತಿ ಬಣ್ಣದ ಪರದೆಯ ಮುಂದೆ ನೆಟ್ಟಗೆ ನಿಂತು ತೆಗೆಸಿಕೊಂಡ ಫೋಟೊವನ್ನು ಛಾಯಾಗ್ರಾಹಕ ಆಗಲೇ ಅಳೆದು ತೂಗಿ ಕಟ್ಟಿದ್ದಾನೆ. ಅದು ನಿಂತೇ ಇರಲಿ ಎನ್ನುವುದು ನನ್ನ ಅಭಿಪ್ರಾಯ. ಉದ್ದುದ್ದ ಫೋಟೊಗಳನ್ನು ಪರದೆ ತುಂಬಿಸಲೆಂದು ಕತ್ತರಿಸಿದರೆ ತಲೆಯೋ ಪಾದವೋ ಹೋಗುತ್ತದೆ. ಇಕ್ಕೆಲದಲ್ಲಿ ಕಪ್ಪು ಬಿಟ್ಟರೆ ಏನೂ ನಷ್ಟವಿಲ್ಲ. ಇಲ್ಲವೇ ಮಡಿಲಲ್ಲಿ ಮಡಿಸಿಟ್ಟ ಕೈಗಳಿಂದ ಶುರುಮಾಡಿ ಮುಖದವರೆಗೆ ಮೇಲಕ್ಕೆ ಬರಬಹುದು. ಕೈಗಳು ಕಾಣುವ ಫೋಟೊಗಳಿಗೆ ಇದಕ್ಕಿಂತ ಒಳ್ಳೆಯ ಚಲನೆ ನನಗೆ ತಿಳಿಯದು. ಮೇಲಿನಿಂದ ಕೆಳಗೆ ಮಾತ್ರ ಬೇಡ. ಮುಖವನ್ನು ಬಿಟ್ಟು ಹೊರಟಂತಾಗುತ್ತದೆ.

ಸಿದ್ಧವಾದ ವಿಡಿಯೊವನ್ನು ಅದು ತೋರಿಸಲ್ಪಡುವ ಹಾಲಿನ ಟಿವಿಯಲ್ಲೋ ಪ್ರೊಜೆಕ್ಟರಿನಲ್ಲೋ ಹಿಂದಿನ ದಿನವೇ ಹಾಕಿ ನೋಡಬೇಕು. ಕೆಲವು ಟಿವಿಗಳು ನಾಲ್ಕೂ ಅಂಚಿನಿಂದ ಸ್ವಲ್ಪ ಸ್ವಲ್ಪ ಕತ್ತರಿಸುತ್ತವೆ, ಅಂಚಿಗೆ ಬರೆದ ಹೆಸರು ಅರ್ಧವಾಗುತ್ತದೆ. ಹಗಲು ಬೆಳಕಿನ ಹಾಲಿನಲ್ಲಿ ಪ್ರೊಜೆಕ್ಟರ್ ಕಪ್ಪು ಬಣ್ಣವನ್ನು ಬೂದಿ ಮಾಡುತ್ತದೆ; ನೆರಳಿನಲ್ಲಿ ಅಡಗಿದ ಮುಖಗಳನ್ನು ಮನೆಯ ಪರದೆಯಲ್ಲಿ ಬೇಕೆನಿಸುವುದಕ್ಕಿಂತ ಒಂದಿಷ್ಟು ಹೆಚ್ಚೇ ಬೆಳಗಿಸಿಕೊಂಡಿರಬೇಕು. ಹಾಲಿನ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ನೋಡಿ. ಅಲ್ಲಿಂದ ಎರಡು ಜಡೆಯ ಹುಡುಗಿ ಯಾರೆಂದು ಗುರುತು ಸಿಗದಿದ್ದರೆ, ಎರಡನೆಯ ತುಂಡನ್ನು ಇನ್ನೂ ನಾಲ್ಕು ಸೆಕೆಂಡು ಬೆಳೆಸಿ, ಕೊನೆಯ ಚೌಕಟ್ಟಿನ ಮೇಲೆ ಚಿತ್ರವನ್ನು ಅಲುಗಿಸದೆ ನಿಲ್ಲಿಸಿ, ಅವಳ ಹೆಸರು ಬರೆಯಿರಿ.