ಹಣಕಾಸು ಮಾಹಿತಿಯ ಗುಣಾತ್ಮಕ ಲಕ್ಷಣಗಳು ಮತ್ತು ಮಾಪನ ಆಧಾರಗಳು

ಗುಣಾತ್ಮಕ ಲಕ್ಷಣಗಳು ಎಂದರೆ ಹಣಕಾಸು ವರದಿಯೊಂದು ಹೂಡಿಕೆದಾರರಿಗೂ ಸಾಲದಾತರಿಗೂ ಉಪಯುಕ್ತವಾಗಲು ಅದರಲ್ಲಿನ ಮಾಹಿತಿಗೆ ಇರಬೇಕಾದ ಗುಣಗಳು. ಅಂತರರಾಷ್ಟ್ರೀಯ ಲೆಕ್ಕಶಾಸ್ತ್ರ ಮಾನದಂಡಗಳ ಮಂಡಳಿಯು (ಐಎಎಸ್‌ಬಿ) 2018ರಲ್ಲಿ ಪರಿಷ್ಕರಿಸಿದ ಪರಿಕಲ್ಪನಾತ್ಮಕ ಚೌಕಟ್ಟು ಇವುಗಳನ್ನು ನಿರೂಪಿಸುತ್ತದೆ. ಆಸ್ತಿಯೊಂದನ್ನು ಕೊಂಡ ಬೆಲೆಯಲ್ಲಿ ತೋರಿಸಬೇಕೆ, ಇಂದಿನ ಮೌಲ್ಯದಲ್ಲಿ ತೋರಿಸಬೇಕೆ ಎಂಬ ಪ್ರಶ್ನೆಯನ್ನು ಈ ಗುಣಗಳ ಆಧಾರದ ಮೇಲೆಯೇ ನಿರ್ಧರಿಸಲಾಗುತ್ತದೆ.

## ಲಕ್ಷಣಗಳು

ಮೂಲಭೂತ ಲಕ್ಷಣಗಳು ಎರಡು. ಮೊದಲನೆಯದು ಪ್ರಸ್ತುತತೆ. ಓದುಗನ ನಿರ್ಧಾರವನ್ನು ಬದಲಿಸಬಲ್ಲ ಮಾಹಿತಿ ಪ್ರಸ್ತುತವಾದುದು. ಅದು ಮುಂದಿನದನ್ನು ಊಹಿಸಲು ಅಥವಾ ಹಿಂದಿನ ಊಹೆಯನ್ನು ಒರೆಹಚ್ಚಲು ನೆರವಾಗುತ್ತದೆ. ಎರಡನೆಯದು ಯಥಾರ್ಥ ನಿರೂಪಣೆ. ಮಾಹಿತಿಯು ಪೂರ್ಣವಾಗಿ, ಪಕ್ಷಪಾತವಿಲ್ಲದೆ, ದೋಷರಹಿತವಾಗಿ ಇರಬೇಕು. ಇಲ್ಲಿ ದೋಷರಹಿತ ಎಂದರೆ ಪ್ರತಿಯೊಂದು ಅಂಕಿಯೂ ನಿಖರ ಎಂದಲ್ಲ. ಅಂದಾಜನ್ನು ಅಂದಾಜೆಂದೇ ತಿಳಿಸಿ, ಅದನ್ನು ಸರಿಯಾದ ಕ್ರಮದಲ್ಲಿ ಮಾಡಿದ್ದರೆ ಸಾಕು.

ಹೋಲಿಕೆಗೆ ಒದಗುವಿಕೆ, ಪರಿಶೀಲನೀಯತೆ, ಸಕಾಲಿಕತೆ ಮತ್ತು ಸುಬೋಧತೆ ಎಂಬ ನಾಲ್ಕು ಲಕ್ಷಣಗಳು ಪೂರಕವಾದವು. ಇವು ಮಾಹಿತಿಯ ಉಪಯುಕ್ತತೆಯನ್ನು ಹೆಚ್ಚಿಸುತ್ತವೆ. ಆದರೆ ಪ್ರಸ್ತುತವಲ್ಲದ ಮಾಹಿತಿಯನ್ನು ಉಪಯುಕ್ತವಾಗಿಸಲಾರವು.

## ಎರಡು ಮಾಪನ ಆಧಾರಗಳು

ಐತಿಹಾಸಿಕ ವೆಚ್ಚ ಆಸ್ತಿಯನ್ನು ಪಡೆದಾಗ ನೀಡಿದ ಬೆಲೆಯಿಂದ ಆರಂಭವಾಗುತ್ತದೆ. ಯಂತ್ರವಾದರೆ ಅದರಿಂದ ಸವಕಳಿಯನ್ನು ಕಳೆಯಲಾಗುತ್ತದೆ. ಬಾಂಡ್ ಆದರೆ ಕೊಂಡ ಬೆಲೆಗೂ ಮರುಪಾವತಿ ಮೊತ್ತಕ್ಕೂ ಇರುವ ಅಂತರವನ್ನು ಅವಧಿಯುದ್ದಕ್ಕೂ ಹಂಚಲಾಗುತ್ತದೆ. ಮಾರುಕಟ್ಟೆಯ ಏರಿಳಿತಗಳು ಸಾಮಾನ್ಯವಾಗಿ ಇದರಲ್ಲಿ ಕಾಣಿಸುವುದಿಲ್ಲ. ರಸೀದಿ ಇರುವುದರಿಂದ ಪರಿಶೀಲನೆ ಸುಲಭ.

ಪ್ರಚಲಿತ ಮೌಲ್ಯ ಲೆಕ್ಕ ಮುಗಿಸುವ ದಿನದ ಸ್ಥಿತಿಯನ್ನು ಹೇಳುತ್ತದೆ. ಅದರ ಒಂದು ಬಗೆಯಾದ ನ್ಯಾಯೋಚಿತ ಮೌಲ್ಯವೆಂದರೆ ಆ ದಿನ ಮಾರುಕಟ್ಟೆಯಲ್ಲಿ ಆಸ್ತಿಯನ್ನು ಮಾರಿದರೆ ದೊರೆಯುವ ಬೆಲೆ.

ಇವೆರಡರ ನಡುವಿನ ಅಂತರವನ್ನು ಒಂದು ಬಾಂಡ್‌ನಿಂದ ತಿಳಿಯಬಹುದು. ವರ್ಷಕ್ಕೆ ಶೇ. 1.5 ಬಡ್ಡಿ ನೀಡುವ ಹತ್ತು ವರ್ಷಗಳ ಬಾಂಡನ್ನು 100 ಡಾಲರಿಗೆ ಕೊಂಡಿದ್ದೇವೆ ಎಂದಿಟ್ಟುಕೊಳ್ಳೋಣ. ಕೊಂಡ ಕೆಲವೇ ದಿನಗಳಲ್ಲಿ ಮಾರುಕಟ್ಟೆಯ ಬಡ್ಡಿದರ ಶೇ. 4ಕ್ಕೆ ಏರಿದರೆ, ಕಡಿಮೆ ಬಡ್ಡಿಯ ಈ ಬಾಂಡನ್ನು 100 ಡಾಲರಿಗೆ ಯಾರೂ ಕೊಳ್ಳುವುದಿಲ್ಲ. ಮುಂದೆ ಬರಲಿರುವ ಹಣವನ್ನೆಲ್ಲ ಶೇ. 4ರ ದರದಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿದರೆ ಸುಮಾರು 80 ಡಾಲರ್ ಆಗುತ್ತದೆ. ಐತಿಹಾಸಿಕ ವೆಚ್ಚದ ಪುಸ್ತಕದಲ್ಲಿ ಮಾತ್ರ ಅದು 100 ಡಾಲರ್ ಆಗಿಯೇ ಉಳಿಯುತ್ತದೆ.

## ಉದಾಹರಣೆ: ಸಿಲಿಕಾನ್ ವ್ಯಾಲಿ ಬ್ಯಾಂಕ್

ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಲ್ಲಿ ಇದೇ ಅಂತರ ದೊಡ್ಡ ಪ್ರಮಾಣದಲ್ಲಿ ಕಂಡುಬಂದಿತು. ಅಲ್ಲಿನ ಲೆಕ್ಕನಿಯಮಗಳ ಪ್ರಕಾರ, ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುವ ಉದ್ದೇಶವೂ ಸಾಮರ್ಥ್ಯವೂ ಇದ್ದರೆ ಬಾಂಡ್‌ಗಳನ್ನು ವೆಚ್ಚದ ಆಧಾರದಲ್ಲಿ ತೋರಿಸಬಹುದು. 2022ರ ಅಂತ್ಯದಲ್ಲಿ ಬ್ಯಾಂಕಿನ ಮಾತೃಸಂಸ್ಥೆಯು ಇಂಥ ಸಾಲಪತ್ರಗಳನ್ನು ಸುಮಾರು 9,130 ಕೋಟಿ ಡಾಲರ್ ಎಂದು ತೋರಿಸಿತ್ತು. ಬಡ್ಡಿದರ ಏರಿದ್ದರಿಂದ ಅವುಗಳ ನ್ಯಾಯೋಚಿತ ಮೌಲ್ಯ ಸುಮಾರು 7,620 ಕೋಟಿ ಡಾಲರ್‌ಗೆ ಇಳಿದಿತ್ತು. ನಡುವಿನ ಅಂತರ ಸುಮಾರು 1,500 ಕೋಟಿ. ಷೇರುದಾರರ ಒಟ್ಟು ಬಂಡವಾಳವಾದರೋ ಸುಮಾರು 1,600 ಕೋಟಿ ಮಾತ್ರ.

ಈ ಅಂಕಿ ಗುಟ್ಟಾಗಿರಲಿಲ್ಲ. ನ್ಯಾಯೋಚಿತ ಮೌಲ್ಯವನ್ನು ವಾರ್ಷಿಕ ವರದಿಯಲ್ಲಿ ಪ್ರಕಟಿಸಲಾಗಿತ್ತು. ಬಂಡವಾಳದ ಲೆಕ್ಕದಲ್ಲಿ ಮಾತ್ರ ಆ ನಷ್ಟ ಸೇರಿರಲಿಲ್ಲ. ಬಾಂಡ್‌ಗಳನ್ನು ಕೊನೆಯವರೆಗೆ ಇಟ್ಟುಕೊಂಡಿದ್ದರೆ ಅಸಲು ಪೂರ್ಣವಾಗಿ ಬರುತ್ತಿತ್ತಾದ್ದರಿಂದ ವೆಚ್ಚದ ಅಂಕಿಗೂ ಅರ್ಥವಿತ್ತು. ಆದರೆ ಠೇವಣಿದಾರರು ಯಾವ ದಿನ ಬೇಕಾದರೂ ಹಣ ಕೇಳಬಹುದಾಗಿತ್ತು. 2023ರ ಮಾರ್ಚ್ 9ರಂದು ಒಂದೇ ದಿನ ಸುಮಾರು 4,200 ಕೋಟಿ ಡಾಲರ್ ಹಿಂತೆಗೆಯಲ್ಪಟ್ಟಿತು; ಮರುದಿನ ನಿಯಂತ್ರಕರು ಬ್ಯಾಂಕನ್ನು ಮುಚ್ಚಿದರು. ಬಾಂಡ್‌ಗಳನ್ನು ಇಟ್ಟುಕೊಳ್ಳುವ ಸಾಮರ್ಥ್ಯವು ಠೇವಣಿದಾರರ ನಂಬಿಕೆಯನ್ನು ಅವಲಂಬಿಸಿತ್ತು. ಅದು ಕುಸಿದಾಗ ಪ್ರಸ್ತುತವಾಗಿ ಉಳಿದದ್ದು ಮಾರಾಟದ ಬೆಲೆಯೇ.

## ಪ್ರಚಲಿತ ಮೌಲ್ಯದ ಮಿತಿಗಳು

ಮೇಲಿನ ಉದಾಹರಣೆಯಲ್ಲಿದ್ದವು ಬಹುತೇಕ ಮಾರುಕಟ್ಟೆ ಬೆಲೆ ತಿಳಿಯಬಹುದಾದ ಸಾಲಪತ್ರಗಳು. ಅಪರೂಪಕ್ಕೆ ಮಾರಾಟವಾಗುವ ಕಟ್ಟಡಕ್ಕೆ ಅಂಥ ಬೆಲೆ ಇರುವುದಿಲ್ಲ. ಮುಂದಿನ ಬಾಡಿಗೆಯ ಕುರಿತ ಊಹೆಯನ್ನು ಸ್ವಲ್ಪ ಬದಲಿಸಿದರೂ ಮೌಲ್ಯ ಬಹಳ ಬದಲಾಗುತ್ತದೆ; ಆಡಳಿತ ಮಂಡಳಿಯ ಒಲವು ನುಸುಳಿದರೆ ಪತ್ತೆಹಚ್ಚುವುದು ಕಷ್ಟ. ಇಲ್ಲಿ ಪ್ರಸ್ತುತತೆ ಹೆಚ್ಚಿದರೂ ಪರಿಶೀಲನೀಯತೆ ಕುಗ್ಗುತ್ತದೆ.

ಭಾರತದ ಇಂಡ್ ಎಎಸ್ 40 ಮಾನದಂಡ ಈ ಕಾರಣದಿಂದ ಗಮನಾರ್ಹವಾಗಿದೆ. ಅಂತರರಾಷ್ಟ್ರೀಯ ಮಾನದಂಡವು ಹೂಡಿಕೆಗಾಗಿ ಇಟ್ಟ ಸ್ಥಿರಾಸ್ತಿಗೆ ಎರಡೂ ವಿಧಾನಗಳನ್ನು ಅನುಮತಿಸಿದರೆ, ಭಾರತದ ಮಾನದಂಡ ವೆಚ್ಚದ ವಿಧಾನವನ್ನು ಮಾತ್ರ ಒಪ್ಪಿ, ನ್ಯಾಯೋಚಿತ ಮೌಲ್ಯವನ್ನು ಟಿಪ್ಪಣಿಯಲ್ಲಿ ತಿಳಿಸುವಂತೆ ಕೇಳುತ್ತದೆ. ಆದುದರಿಂದ ಇಂಥ ವರದಿಯನ್ನು ಓದುವವರು ಆಸ್ತಿ-ಜವಾಬ್ದಾರಿ ಪಟ್ಟಿಯ ಜೊತೆಗೆ ಟಿಪ್ಪಣಿಗಳನ್ನೂ ನೋಡಬೇಕಾಗುತ್ತದೆ.